ಬೋರಿನ ಮೊಬೈಲ್ ಸ್ಟಾರ್ಟರ್‌ಗೆ ಯಾವ ಸಿಮ್: ಅಡಾಪ್ಟರ್ ಹಾಕಿದ್ದೋ, ಕತ್ತರಿಸಿದ್ದೋ, ಹೊಸದೋ?

ಬ್ಯಾಡಗಿ, ರಾಣೆಬೆನ್ನೂರು ಕಡೆ ಹೊಲದ ಬೋರಿಗೆ ಫೋನ್ ಕರೆಯಿಂದ ಮೋಟರ್ ಚಾಲೂ, ಬಂದ್ ಮಾಡುವ ಮೊಬೈಲ್ ಸ್ಟಾರ್ಟರ್ ಕೂರಿಸಿದವರಿಗೆ ಮೊದಲೇ ಹೇಳಿಬಿಡುತ್ತೇನೆ: ಅದರ ಡಬ್ಬಿಯೊಳಗೆ ಸಿಮ್ ಕೂರುವ ಮನೆ ದೊಡ್ಡ ಅಳತೆಯದಾಗಿದ್ದರೆ, ಅದೇ ಅಳತೆಯ ಹೊಸ ಸಿಮ್ ತಂದು ಹಾಕಿ. ಸಣ್ಣ ನ್ಯಾನೊ ಸಿಮ್ಮಿಗೆ ದೊಡ್ಡ ಅಳತೆಯ ಚೌಕಟ್ಟನ್ನು, ಅಂದರೆ ಅಡಾಪ್ಟರನ್ನು, ತೊಡಿಸಿ ನಡೆಸುವುದು ಮನೆಯ ಫೋನಿಗೆ ಸರಿ, ಹೊಲದ ಡಬ್ಬಿಗೆ ಅಲ್ಲ.

ಈಗ ಬಳಕೆಯಲ್ಲಿರುವ ಅಳತೆಗಳು ಮೂರು. ದೊಡ್ಡದು, ಅಂದರೆ ಮಿನಿ, 25 ಮಿ.ಮೀ. ಉದ್ದ, 15 ಮಿ.ಮೀ. ಅಗಲ. ಮೈಕ್ರೊ 15ಕ್ಕೆ 12. ನ್ಯಾನೊ 12.3ಕ್ಕೆ 8.8. ಡಬ್ಬಿಯ ಮುಚ್ಚಳ ತೆಗೆದು ಸಿಮ್ ಮನೆಯ ಮೇಲೆ ಸ್ಕೇಲ್ ಇಟ್ಟರೆ ಯಾವುದೆಂದು ತಿಳಿಯುತ್ತದೆ. ಎಲ್ಲರೂ ಮರೆಯುವ ಅಳತೆ ದಪ್ಪದ್ದು. ಮಿನಿ ಮತ್ತು ಮೈಕ್ರೊ 0.76 ಮಿ.ಮೀ. ದಪ್ಪ, ನ್ಯಾನೊ 0.67. ಅಡಾಪ್ಟರಿನ ಕಾಟ ಹುಟ್ಟುವುದು ಈ 0.09ರ ವ್ಯತ್ಯಾಸದಲ್ಲಿ.

ಸಿಮ್ ಮನೆಯೊಳಗೆ ಆರು ಸಣ್ಣ ಸ್ಪ್ರಿಂಗ್ ಪಿನ್‌ಗಳು ಚಿನ್ನದ ಬಣ್ಣದ ಚಿಪ್ಪನ್ನು ಒತ್ತುತ್ತವೆ, ಹಿಂದಿನಿಂದ ತಗಡಿನ ಮುಚ್ಚಳ ಕಾರ್ಡನ್ನು ಹಿಡಿದಿರುತ್ತದೆ. ಅಡಾಪ್ಟರ್ ಹಾಕಿದಾಗ ಮುಚ್ಚಳ ಹಿಡಿಯುವುದು ಅಡಾಪ್ಟರಿನ ಚೌಕಟ್ಟನ್ನು ಮಾತ್ರ. ಒಳಗಿನ ತೆಳ್ಳಗಿನ ನ್ಯಾನೊಗೆ ಹಿಂದೆ ಸರಿಯಲು ಕೂದಲೆಳೆಯಷ್ಟು ಜಾಗ ಉಳಿಯುತ್ತದೆ, ಪಿನ್‌ಗಳು ಅದನ್ನು ಅಲ್ಲಿಗೆ ತಳ್ಳುತ್ತವೆ. ಪಿನ್ ಹೊಸದಿದ್ದರೆ ಬೆನ್ನಟ್ಟಿ ಹೋಗಿ ತಾಗುತ್ತದೆ, ಸವೆದಿದ್ದರೆ ತಾಗಿಯೂ ತಾಗದಂತೆ ನಿಲ್ಲುತ್ತದೆ. ಮನೆಯಲ್ಲಿ ಮೇಜಿನ ಮೇಲಿಟ್ಟ ಫೋನು ಇಷ್ಟರಲ್ಲೇ ವರ್ಷಗಟ್ಟಲೆ ನಡೆಯಬಹುದು. ಆದರೆ ಮೊಬೈಲ್ ಸ್ಟಾರ್ಟರ್ ಇರುವುದು ಮೋಟರಿನ ಸ್ಟಾರ್ಟರ್ ಪಕ್ಕದಲ್ಲಿ, ಬಹಳ ಕಡೆ ಒಂದೇ ಹಲಗೆಯ ಮೇಲೆ. ಪ್ರತಿ ಸಲ ಸ್ಟಾರ್ಟರ್ ಎಳೆದುಕೊಂಡಾಗ ಹಲಗೆಯೆಲ್ಲ ಅದುರುತ್ತದೆ. ಜೊತೆಗೆ ಬೇಸಿಗೆಯಲ್ಲಿ ತಗಡಿನ ಡಬ್ಬಿ ಕಾದು, ಅಡಾಪ್ಟರಿನ ಅಂಟು ಮೆತ್ತಗಾಗುತ್ತದೆ.

ಇದರಿಂದ ಹುಟ್ಟುವ ದೋಷಕ್ಕೆ ಒಂದು ವಿಚಿತ್ರ ಲಕ್ಷಣವಿದೆ. ಚಾಲೂ ಮಾಡಲು ಫೋನ್ ಮಾಡಿದರೆ ಕರೆ ಹೋಗುತ್ತದೆ, ಮೋಟರ್ ಚಾಲೂ ಆಗುತ್ತದೆ. ಅರ್ಧ ತಾಸು ಬಿಟ್ಟು ಬಂದ್ ಮಾಡಲು ಫೋನ್ ಮಾಡಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂಬ ದನಿ. ಚಾಲೂ ಆದ ಅದುರಿಗೇ ಸಿಮ್ಮಿನ ಸಂಪರ್ಕ ಕಡಿದಿರುತ್ತದೆ. ಒಳಗೆ ನೆಟ್‌ವರ್ಕ್ ಹಿಡಿಯುವ ಮಾಡ್ಯೂಲು ನಡುನಡುವೆ ಕಾರ್ಡ್ ಇದೆಯೇ ಎಂದು ವಿಚಾರಿಸುತ್ತಿರುತ್ತದೆ. ಉತ್ತರ ಬಾರದಿದ್ದರೆ ಸಿಮ್ ಇಲ್ಲವೆಂದು ತೀರ್ಮಾನಿಸಿ ನೆಟ್‌ವರ್ಕ್ ಬಿಡುತ್ತದೆ. ಕರೆಂಟ್ ಹೋಗಿ ಬಂದಾಗ ಮತ್ತೆ ಮೊದಲಿನಿಂದ ಓದಿ ಸರಿಯಾಗುತ್ತದೆ, ಹಾಗಾಗಿ ನೆಟ್‌ವರ್ಕ್ ದೋಷವೆಂದು ಮಂದಿ ಟವರನ್ನು ಬೈಯುತ್ತಾರೆ. ಅಷ್ಟರಲ್ಲಿ ಬೋರಿನ ನೀರು ಮುಗಿದು ಮೋಟರ್ ಒಣಗಿ ಓಡಿದ್ದರೆ ಹಾನಿ ಸಿಮ್ಮಿನ ಲೆಕ್ಕದಲ್ಲಿ ನಿಲ್ಲುವುದಿಲ್ಲ.

ದೋಷ ಅಡಾಪ್ಟರಿನದೇ ಎಂದು ಖಚಿತ ಮಾಡಿಕೊಳ್ಳಲು ಎರಡು ಪರೀಕ್ಷೆ ಸಾಕು. ನ್ಯಾನೊವನ್ನು ಅಡಾಪ್ಟರಿನಿಂದ ತೆಗೆದು ನ್ಯಾನೊ ಮನೆಯಿರುವ ಫೋನಿಗೆ ಹಾಕಿ. ನೆಟ್‌ವರ್ಕ್ ಬಂದರೆ ಸಿಮ್ ಚೆನ್ನಾಗಿದೆ. ಆಮೇಲೆ ಯಾರದಾದರೂ ನಿಜವಾದ ದೊಡ್ಡ ಸಿಮ್ ತಂದು ಡಬ್ಬಿಗೆ ಹಾಕಿ. ಅದು ಹಿಡಿದರೆ ಸಿಮ್ ಮನೆಯೂ ಚೆನ್ನಾಗಿದೆ, ಉಳಿದದ್ದು ಅಡಾಪ್ಟರ್ ಒಂದೇ. ಡಬ್ಬಿಯಲ್ಲಿ ಸಿಮ್800 ಜಾತಿಯ ಮಾಡ್ಯೂಲ್ ಇದ್ದರೆ ಸಾಮಾನ್ಯವಾಗಿ ದೀಪವೇ ಹೇಳುತ್ತದೆ: ನೆಟ್‌ವರ್ಕ್ ಹಿಡಿದಾಗ ಸುಮಾರು ಮೂರು ಸೆಕೆಂಡಿಗೊಮ್ಮೆ ಮಿಣುಕುತ್ತದೆ, ಹಿಡಿಯದಿದ್ದರೆ ಸೆಕೆಂಡಿಗೊಮ್ಮೆಗಿಂತ ಬೇಗ. ಅಂದಹಾಗೆ ಈ ಮಾಡ್ಯೂಲು 2ಜಿಯದು. 2ಜಿ ಇಲ್ಲದ ಜಿಯೊ ಸಿಮ್ ಎಷ್ಟೇ ಸರಿಯಾದ ಅಳತೆಯದಿದ್ದರೂ ಇದರಲ್ಲಿ ನಡೆಯದು.

ಅಡಾಪ್ಟರಿನ ಇನ್ನೊಂದು ಕೇಡು ತೆಗೆಯುವಾಗಿನದು. ನ್ಯಾನೊ ಒಳಗೇ ಕಳಚಿಕೊಂಡಿದ್ದರೆ ಪಿನ್‌ಗಳ ತುದಿ ಚೌಕಟ್ಟಿನ ಸಂದಿಗೆ ಏಳುತ್ತವೆ. ಬಲವಂತವಾಗಿ ಎಳೆದರೆ ಪಿನ್ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ, ಆಮೇಲೆ ಸಿಮ್ ಮನೆಯನ್ನೇ ಬಿಚ್ಚಿ ಹೊಸದನ್ನು ಬೆಸೆಯಬೇಕು. ಎಳೆಯಬೇಡಿ. ಹಳೆಯ ಎಕ್ಸ್‌ರೇ ಫಿಲ್ಮಿನಿಂದ ಹತ್ತು ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಪಿನ್‌ಗಳಿಗೂ ಕಾರ್ಡಿಗೂ ನಡುವೆ ನಿಧಾನ ಜಾರಿಸಿ. ಪಿನ್‌ಗಳು ಪಟ್ಟಿಯ ಕೆಳಗೆ ಕೂತ ಮೇಲೆ ಪಟ್ಟಿ, ಕಾರ್ಡ್, ಅಡಾಪ್ಟರ್ ಮೂರನ್ನೂ ಒಟ್ಟಿಗೆ ಹೊರಗೆ ಎಳೆಯಿರಿ. ಖಾಲಿ ಅಡಾಪ್ಟರನ್ನು ಅಳತೆ ನೋಡಲೆಂದು ಒಳಗೆ ತೂರಿಸಿದರೂ ಇದೇ ಗತಿ.

ದೊಡ್ಡ ಸಿಮ್ಮನ್ನು ಕಟರಿನಲ್ಲಿ ಕತ್ತರಿಸುವುದು ಇದಕ್ಕೆ ತಿರುವುಮುರುವು ದಾರಿ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ: ಕತ್ತರಿಸಿದ ನ್ಯಾನೊ 0.76 ದಪ್ಪವೇ ಇರುತ್ತದೆ, ಬಿಗಿಯಾದ ಟ್ರೇಯಲ್ಲಿ ಸಿಕ್ಕಿಕೊಳ್ಳುತ್ತದೆ, ಮತ್ತು ಒಮ್ಮೆ ಕತ್ತರಿಸಿದ್ದನ್ನು ಹೊಲದ ಡಬ್ಬಿಗೆ ಮರಳಿ ಹಾಕಬೇಕಾದರೆ ಅಡಾಪ್ಟರೇ ಗತಿ.

ಹೊಸ ಸಿಮ್ ತರುವಾಗ ಎಡವುವುದು ಕೌಂಟರಿನಲ್ಲಿ. ಈಗ ಕೊಡುವ ಸಿಮ್ ಸಾಮಾನ್ಯವಾಗಿ ಮೂರು ಅಳತೆಗೂ ಗೆರೆ ಹಾಕಿದ ಒಂದೇ ಕಾರ್ಡ್. ಹೊರಗಿನ ಗೆರೆಯಲ್ಲಿ ಮುರಿದರೆ ಮಿನಿ, ಒಳಗಿನದರಲ್ಲಿ ಮುರಿದರೆ ನ್ಯಾನೊ. ಅಂಗಡಿಯವರು ರೂಢಿಯಂತೆ ಬೆರಳಲ್ಲಿ ಒತ್ತಿ ನ್ಯಾನೊವನ್ನೇ ಹೊರತೆಗೆದುಬಿಡುತ್ತಾರೆ, ಅಲ್ಲಿಗೆ ಕಥೆ ಮತ್ತೆ ಅಡಾಪ್ಟರಿಗೆ ಬರುತ್ತದೆ. ಕವರ್ ಹರಿಯುವ ಮೊದಲೇ ಹೇಳಿ: "ಅಣ್ಣಾ, ಸಣ್ಣದು ಒಡೀಬ್ಯಾಡ್ರಿ, ಹಂಗ ದೊಡ್ಡದ ಕೊಡ್ರಿ, ಮೋಟರ್ ಡಬ್ಬಿಗೆ ಬೇಕಾಗೇತಿ." ಒಡೆದೇ ಹೋಗಿದ್ದರೆ ಚೌಕಟ್ಟಿನ ತುಂಡನ್ನು ಬಿಸಾಡಲು ಬಿಡಬೇಡಿ. ಅದೇ ಕಾರ್ಡಿನಿಂದ ಬಂದದ್ದಾದ್ದರಿಂದ ಬಿಡಿ ಅಡಾಪ್ಟರಿಗಿಂತ ಬಿಗಿಯಾಗಿ ಕೂರುತ್ತದೆ. ಆದರೂ ಒಮ್ಮೆ ಕಳಚಿದ್ದು ಕಳಚಿದ್ದೇ, ಹೊಲಕ್ಕೆ ಇಡೀ ಕಾರ್ಡೇ ಲೇಸು.

ಹಳೆಯ ನಂಬರಿಗೇ ಹೊಸ ಸಿಮ್ ಪಡೆಯಲು, ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಆಧಾರ್ ತೆಗೆದುಕೊಂಡು ಕಂಪನಿಯ ಅಂಗಡಿಗೆ ಹೋಗಬೇಕು. ತಂದೆಯ ಹೆಸರಿದ್ದು ಮಗ ಹೋದರೆ ಹಾವೇರಿಯ ಬಸ್ ಚಾರ್ಜು ದಂಡ. ನಂಬರ್, ರೀಚಾರ್ಜ್ ಅವಧಿ ಹಾಗೇ ಉಳಿಯುತ್ತವೆ, ಹಳೆಯ ಸಿಮ್ಮಿನಲ್ಲಿ ಬರೆದಿಟ್ಟ ನಂಬರುಗಳು ಉಳಿಯುವುದಿಲ್ಲ.

ಇನ್ನೊಂದು ಮಾತು ಡಬ್ಬಿಯವರಿಗೇ ಮುಖ್ಯ. ಸಿಮ್ ಬದಲಿಸಿದ ಮೇಲೆ ವಂಚನೆ ತಡೆಯಲೆಂದು 24 ತಾಸು ಎಸ್ಸೆಮ್ಮೆಸ್ ಬರುವುದೂ ಹೋಗುವುದೂ ನಿಂತಿರುತ್ತದೆ. ಕರೆ ನಡೆಯುತ್ತದೆ. ಮಾಲೀಕರ ನಂಬರನ್ನು ಎಸ್ಸೆಮ್ಮೆಸ್ ಕಳಿಸಿ ನೋಂದಾಯಿಸುವ ಸ್ಟಾರ್ಟರ್ ಆಗಿದ್ದರೆ ಮೊದಲ ದಿನ ಅದು ಉತ್ತರಿಸದು. ಡಬ್ಬಿ ಕೆಟ್ಟಿತೆಂದು ಬಿಚ್ಚಬೇಡಿ, ಮರುದಿನ ಅದೇ ಹೊತ್ತಿಗೆ ಕಳಿಸಿ.

ಖರ್ಚು ನೋಡಿದರೆ ಅಡಾಪ್ಟರ್ ಹತ್ತಿಪ್ಪತ್ತು ರೂಪಾಯಿ, ಹೊಸ ಸಿಮ್ಮಿಗೆ ಅದಕ್ಕಿಂತ ಹೆಚ್ಚು, ಜೊತೆಗೆ ಅರ್ಧ ದಿನ. ಪೇಟೆಗೆ ಹೋಗುವ ತನಕ ಅಡಾಪ್ಟರಿನಲ್ಲೇ ದಿನ ದೂಡಬೇಕಾದರೆ ಹಿಂದೆ ತೆಳು ಅಂಟುಹಾಳೆ ಇರುವುದನ್ನೇ ಆರಿಸಿ. ಆ ಹಾಳೆ ನ್ಯಾನೊದ ಹಿಂದಿನ ಜಾಗ ತುಂಬಿ, ಅದನ್ನು ಪಿನ್‌ಗಳ ಎದುರು ಹಿಡಿದಿಡುತ್ತದೆ. ಮೇಲೆ ಇನ್ನೊಂದು ಸೆಲ್ಲೋಟೇಪ್ ಸುತ್ತಬೇಡಿ, ದಪ್ಪ ಹೆಚ್ಚಿ ಒಳಗೇ ಸಿಕ್ಕಿಕೊಳ್ಳುತ್ತದೆ. ಆ ದಿನಗಳಲ್ಲಿ ಮೋಟರನ್ನು ಫೋನಿನಿಂದ ಚಾಲೂ ಮಾಡುವುದಾದರೆ, ಕೈಯಿಂದ ಬಂದ್ ಮಾಡಲು ಹೊಲದಲ್ಲಿ ಒಬ್ಬರು ಇರಲಿ.