ಚಿಪ್ ಮೀಟರ್, ನಂಬರ್ ಒತ್ತುವ ಮೀಟರ್, ಕೋಡ್ ಬೇಡದ ಮೀಟರ್: ಮೂರನ್ನೂ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ರಕ್ತದ ಸಕ್ಕರೆ ನೋಡುವ ಮೀಟರುಗಳಲ್ಲಿ ನನ್ನ ಮತ ಕೋಡ್ ಬೇಡದ್ದಕ್ಕೆ. ಪರದೆ ಎಷ್ಟು ದೊಡ್ಡದು, ಎಷ್ಟು ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ ಎಂಬುದೆಲ್ಲ ಪೆಟ್ಟಿಗೆಯ ಮೇಲೇ ಇರುತ್ತದೆ, ಅದನ್ನು ಬಿಡುತ್ತೇನೆ. ಇಲ್ಲಿ ನೋಡುವುದು ಎರಡೇ: ಕೋಡ್ ಹೊಂದಿಸುವ ತಾಪತ್ರಯ, ಮತ್ತು ಮೀಟರೂ ಸ್ಟ್ರಿಪ್ಪೂ ಸರಿಯಿವೆಯೇ ಎಂದು ನೋಡಲು ರಕ್ತದ ಬದಲು ಹಾಕುವ ಕಂಟ್ರೋಲ್ ಸಲ್ಯೂಷನ್.

ಕೋಡ್ ಯಾಕೆ ಬೇಕು? ಸ್ಟ್ರಿಪ್ಪಿನ ತುದಿಯಲ್ಲಿರುವ ಕಿಣ್ವ ರಕ್ತದ ಗ್ಲೂಕೋಸ್ ಜೊತೆ ವರ್ತಿಸಿದಾಗ ಸಣ್ಣ ವಿದ್ಯುತ್ ಹುಟ್ಟುತ್ತದೆ, ಮೀಟರ್ ಅದನ್ನು ಅಳೆದು ಸಂಖ್ಯೆ ಮಾಡುತ್ತದೆ. ಒಂದು ಬ್ಯಾಚಿನ ಸ್ಟ್ರಿಪ್ ಹುಟ್ಟಿಸುವಷ್ಟೇ ವಿದ್ಯುತ್ತನ್ನು ಇನ್ನೊಂದು ಬ್ಯಾಚ್ ಹುಟ್ಟಿಸುವುದಿಲ್ಲ. ಯಾವ ಬ್ಯಾಚಿಗೆ ಯಾವ ಲೆಕ್ಕ ಎಂದು ಮೀಟರಿಗೆ ತಿಳಿಸುವುದೇ ಕೋಡ್. ಚಿಪ್ ಮೀಟರಿನಲ್ಲಿ ಪ್ರತಿ ಸ್ಟ್ರಿಪ್ ಡಬ್ಬಿಯ ಜೊತೆ ಒಂದು ಚಿಪ್ ಬರುತ್ತದೆ. ನಂಬರ್ ಮೀಟರಿನಲ್ಲಿ ಡಬ್ಬಿಯ ಮೇಲಿನ ಸಂಖ್ಯೆಯನ್ನು ಬಟನ್ ಒತ್ತಿ ಕೂರಿಸಬೇಕು. ಮೂರನೆಯದರಲ್ಲಿ ಒಂದೋ ಸ್ಟ್ರಿಪ್ಪೇ ಆ ಗುರುತನ್ನು ಹೊತ್ತಿರುತ್ತದೆ, ಇಲ್ಲವೇ ಕಾರ್ಖಾನೆಯಲ್ಲೇ ಎಲ್ಲ ಬ್ಯಾಚುಗಳನ್ನು ಒಂದೇ ಲೆಕ್ಕಕ್ಕೆ ತಂದಿರುತ್ತಾರೆ.

ಚಿಪ್ ಮೀಟರಿನ ತೊಂದರೆ ಶುರುವಾಗುವುದು ಎರಡನೇ ಡಬ್ಬಿ ತಂದ ದಿನ. ಮೀಟರಿನೊಳಗೆ ಹಳೆ ಚಿಪ್ ಕೂತೇ ಇರುತ್ತದೆ. ಹೊಸ ಚಿಪ್ ರಟ್ಟಿನ ಪೆಟ್ಟಿಗೆಯ ಮೂಲೆಯಲ್ಲೋ ಮಡಚಿದ ಕಾಗದದ ನಡುವೆಯೋ ಉಳಿದು, ಪೆಟ್ಟಿಗೆಯ ಜೊತೆ ಕಸಕ್ಕೆ ಹೋಗುತ್ತದೆ. ಮೀಟರ್ ಏನೂ ದೂರು ಹೇಳುವುದಿಲ್ಲ, ಎಂದಿನಂತೆ ಒಂದು ಸಂಖ್ಯೆ ತೋರಿಸುತ್ತದೆ. ಚಿಪ್ಪೇ ಇಲ್ಲದಿದ್ದರೆ ಅನೇಕ ಮೀಟರುಗಳು ಎರರ್ ಕೊಟ್ಟು ನಿಲ್ಲುತ್ತವೆ. ತಪ್ಪು ಚಿಪ್ ಇದ್ದರೆ ನಿಲ್ಲುವುದಿಲ್ಲ. ಅದೇ ಅಪಾಯ.

ಒಂದು ಲೆಕ್ಕ ಹಾಕಿ ನೋಡೋಣ. ಡಬ್ಬಿಯ ಮೇಲೆ ಕೋಡ್ 431, ಮೀಟರಿನ ಪರದೆಯಲ್ಲಿ 417. ಖಾಲಿ ಹೊಟ್ಟೆಯ ಶುಗರ್ 152 ಬಂತು. ಕಂಟ್ರೋಲ್ ಸಲ್ಯೂಷನ್ ಹಾಕಿದರೆ 149. ಡಬ್ಬಿಯ ಮೇಲೆ ಅಚ್ಚಾದ ಕಂಟ್ರೋಲ್ ಮಿತಿ 101–137, ಅಂದರೆ ಮೀಟರ್ ಏರಿಸಿ ಹೇಳುತ್ತಿದೆ. ಸರಿಯಾದ ಚಿಪ್ ಕೂರಿಸಿ, ಹೊಸ ಸ್ಟ್ರಿಪ್ಪಿನಲ್ಲಿ ಅದೇ ಸಲ್ಯೂಷನ್ ಹಾಕಿದರೆ 118. ಕೂಡಲೇ ರಕ್ತ ಪರೀಕ್ಷಿಸಿದರೆ 123. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಆ 152 ನೋಡಿ ಯೂನಿಟ್ ಏರಿಸುವುದು ಸಣ್ಣ ತಪ್ಪಲ್ಲ.

ಇನ್ನೊಂದು ಸೂಕ್ಷ್ಮವಿದೆ. ಎರಡು ಕೋಡುಗಳ ಲೆಕ್ಕ ಹತ್ತಿರ ಹತ್ತಿರ ಇದ್ದರೆ, ತಪ್ಪು ಚಿಪ್ಪಿನಲ್ಲೂ ಸಲ್ಯೂಷನ್ 133 ತೋರಿಸಿ ಮಿತಿಯೊಳಗೇ ಬಂದುಬಿಡುತ್ತದೆ. ಆ ಮಿತಿ ಅಷ್ಟು ಅಗಲ. ಆದ್ದರಿಂದ ಸಲ್ಯೂಷನ್ ಪಾಸಾಯಿತು ಎಂದ ಮಾತ್ರಕ್ಕೆ ಕೋಡ್ ಸರಿಯಿದೆ ಎಂದಲ್ಲ. ಸ್ಟ್ರಿಪ್ ಸಿಕ್ಕಿಸಿದಾಗಲೆಲ್ಲ ಪರದೆಯ ಸಂಖ್ಯೆಯನ್ನೂ ಡಬ್ಬಿಯ ಸಂಖ್ಯೆಯನ್ನೂ ಕಣ್ಣಲ್ಲಿ ಹೊಂದಿಸಿ ನೋಡಲೇಬೇಕು. ವಯಸ್ಸಾದವರು ಮುಂಜಾನೆ ಕನ್ನಡಕ ಹುಡುಕುವ ಮೊದಲು ಇದನ್ನು ಮಾಡುತ್ತಾರೆಯೇ?

ನಂಬರ್ ಒತ್ತುವ ಮೀಟರಿಗೂ ಇದೇ ದೋಷ, ಚಿಪ್ ಕಳೆಯುವ ಭಯವೊಂದಿಲ್ಲ ಅಷ್ಟೇ.

ಕೋಡ್ ಬೇಡದ ಮೀಟರ್ ಈ ಒಂದು ತಪ್ಪಿಗೆ ಜಾಗವೇ ಕೊಡುವುದಿಲ್ಲ. ಆದರೆ ಅದು ಸ್ಟ್ರಿಪ್ ಕೆಟ್ಟಿರುವುದನ್ನು ಹಿಡಿಯುತ್ತದೆ ಎಂದು ಭಾವಿಸಬೇಡಿ. ಮುಚ್ಚಳ ಸಡಿಲವಾಗಿದ್ದ ಡಬ್ಬಿ ಮಂಗಳೂರಿನ ಮಳೆಗಾಲದಲ್ಲಿ ಎರಡು ವಾರ ಕಳೆದರೆ, ಅಥವಾ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬೆಂದರೆ, ಕಿಣ್ವ ಕೆಡುತ್ತದೆ. ಸ್ಟ್ರಿಪ್ ನೋಡಲು ಹೊಸದರಂತೆಯೇ ಇರುತ್ತದೆ. ಅದಕ್ಕೇ ಕೋಡ್ ಇಲ್ಲದಿದ್ದರೂ ಕಂಟ್ರೋಲ್ ಸಲ್ಯೂಷನ್ ಬೇಕು.

ಈ ಸಲ್ಯೂಷನ್ ಎಂದರೆ ಗೊತ್ತಾದ ಪ್ರಮಾಣದ ಗ್ಲೂಕೋಸ್ ಬೆರೆಸಿದ, ಬಣ್ಣದ ನೀರು. ಬಾಟಲಿಯನ್ನು ಮೆಲ್ಲಗೆ ಅಲ್ಲಾಡಿಸಿ, ಮೊದಲ ಹನಿ ಚೆಲ್ಲಿ, ತುದಿ ಒರೆಸಿ, ಎರಡನೇ ಹನಿಯನ್ನು ಶುಭ್ರವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಬಿಡಿ. ಸ್ಟ್ರಿಪ್ ತಾನೇ ಹೀರುವ ಬಗೆಯದಾದರೆ ಅದರ ತುದಿಯನ್ನು ಆ ಹನಿಗೆ ತಾಗಿಸಿ. ಬಾಟಲಿ ಫ್ರಿಜ್ಜಿನಿಂದ ಆಗತಾನೆ ಬಂದಿರಬಾರದು, ಕೋಣೆಯ ಬಿಸಿಗೆ ಬಂದಿರಬೇಕು. ಕೆಲವು ಮೀಟರುಗಳು ಇದು ರಕ್ತವಲ್ಲ ಎಂದು ತಾವೇ ಗುರುತಿಸುತ್ತವೆ. ಉಳಿದವುಗಳಲ್ಲಿ ಬಟನ್ ಒತ್ತಿ ಕಂಟ್ರೋಲ್ ಎಂದು ಗುರುತು ಹಾಕದಿದ್ದರೆ ಈ ಸಂಖ್ಯೆ ನಿಮ್ಮ ತಿಂಗಳ ಸರಾಸರಿಗೆ ಸೇರಿಕೊಳ್ಳುತ್ತದೆ.

ಬಂದ ಉತ್ತರವನ್ನು ಹೋಲಿಸಬೇಕಾದದ್ದು ಸ್ಟ್ರಿಪ್ ಡಬ್ಬಿಯ ಅಥವಾ ಅದರ ಕಾಗದದ ಮೇಲಿನ ಮಿತಿಗೆ. ಅದನ್ನು ನೋಡಿ 'ನನ್ನ ಶುಗರ್ ಇಷ್ಟರೊಳಗೆ ಇರಬೇಕು' ಎಂದುಕೊಳ್ಳುವವರಿದ್ದಾರೆ. ಅದು ಆ ಬಣ್ಣದ ನೀರಿಗೆ ಮಾತ್ರ ಸೇರಿದ್ದು. ಬೇರೆ ಕಂಪನಿಯ ಸಲ್ಯೂಷನ್ ಹಾಕಿದರೆ ಉತ್ತರಕ್ಕೆ ಅರ್ಥವಿಲ್ಲ.

ಉತ್ತರ ಮಿತಿಯ ಹೊರಗೆ ಬಂದರೆ ಮೀಟರನ್ನು ದೂರುವ ಮೊದಲು ಬಾಟಲಿ ನೋಡಿ. ಸಾಮಾನ್ಯವಾಗಿ ತೆರೆದ ಮೂರು ತಿಂಗಳಿಗೆ ಅದರ ಆಯಸ್ಸು ಮುಗಿಯುತ್ತದೆ, ಕೆಲವು ಕಂಪನಿಗಳದ್ದು ಆರು ತಿಂಗಳು. ತೆರೆದ ದಿನವನ್ನು ಪೆನ್ನಲ್ಲಿ ಬಾಟಲಿಯ ಮೇಲೇ ಬರೆದಿಡಿ. ನಂತರ ಹೊಸ ಡಬ್ಬಿಯ ಸ್ಟ್ರಿಪ್ಪಿನಲ್ಲಿ ಮತ್ತೆ ಹಾಕಿ. ಈಗ ಸರಿ ಬಂದರೆ ದೋಷ ಹಳೆ ಸ್ಟ್ರಿಪ್ಪಿನದು. ಮತ್ತೂ ತಪ್ಪಿದರೆ ಆ ಮೀಟರಿನ ಸಂಖ್ಯೆ ನೋಡಿ ಔಷಧಿಯ ಪ್ರಮಾಣ ಬದಲಿಸಬೇಡಿ.

ಸಲ್ಯೂಷನ್ ಹಿಡಿಯದ ತಪ್ಪುಗಳೂ ಇವೆ, ಯಾಕೆಂದರೆ ಅದು ಬೆರಳನ್ನೂ ರಕ್ತವನ್ನೂ ಪರೀಕ್ಷಿಸುವುದಿಲ್ಲ. ಮಾವಿನಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಚುಚ್ಚಿದರೆ ಶುಗರ್ ವಿಪರೀತ ಏರಿದಂತೆ ಕಾಣುತ್ತದೆ. ಸ್ಪಿರಿಟ್ ಹತ್ತಿ ಸಕ್ಕರೆ ತೆಗೆಯುತ್ತದೆ ಎಂಬ ನಂಬಿಕೆ ಬೇಡ, ಸೋಪು ನೀರಲ್ಲಿ ತೊಳೆದು ಪೂರ್ತಿ ಒರೆಸಿ. ರಕ್ತಹೀನತೆ ಇರುವವರಲ್ಲಿ ಅನೇಕ ಮೀಟರುಗಳು ನಿಜಕ್ಕಿಂತ ಹೆಚ್ಚು ತೋರಿಸುತ್ತವೆ. ಹಿಮೋಗ್ಲೋಬಿನ್ 7ರಲ್ಲಿರುವ ಗರ್ಭಿಣಿಯ ರೀಡಿಂಗನ್ನು ಲ್ಯಾಬಿನ ಜೊತೆ ಹೊಂದಿಸಿ ನೋಡದೆ ನಂಬಬಾರದು. ನೀರಿನಂಶ ತೀರಾ ಇಳಿದವರಲ್ಲಿ ಇದಕ್ಕೆ ತದ್ವಿರುದ್ಧ, ಸಂಖ್ಯೆ ಕಡಿಮೆ ಬರಬಹುದು. ನಡುಕ, ಬೆವರು, ಮಂಕು ಶುರುವಾಗಿ ಮೀಟರ್ ಮಾತ್ರ 110 ಎಂದರೆ ಮೊದಲು ಗ್ಲೂಕೋಸ್ ಕೊಡಿ, ಮೀಟರಿನ ವಿಚಾರಣೆ ಆಮೇಲೆ.

ಹಾಗೆಂದು ಪ್ರತಿ ವ್ಯತ್ಯಾಸಕ್ಕೂ ಅನುಮಾನ ಬೇಡ. ಐಎಸ್‌ಒ 15197 ಎಂಬ, ಇಂಥ ಮೀಟರುಗಳ ಅಂತರರಾಷ್ಟ್ರೀಯ ಮಾನದಂಡದ 2013ರ ಆವೃತ್ತಿಯ ಪ್ರಕಾರ 100 ಮತ್ತು ಅದರ ಮೇಲಿನ ರೀಡಿಂಗುಗಳಲ್ಲಿ ಶೇ 95ರಷ್ಟು, ಲ್ಯಾಬಿನ ಮೌಲ್ಯದ ಶೇ 15ರೊಳಗೆ ಇದ್ದರೆ ಸಾಕು. ಲ್ಯಾಬ್ 160 ಎಂದಾಗ ಮೀಟರ್ 136ರಿಂದ 184ರವರೆಗೆ ಏನು ಹೇಳಿದರೂ ಅದು ತಪ್ಪಲ್ಲ. ಹೋಲಿಸುವುದಾದರೆ ಖಾಲಿ ಹೊಟ್ಟೆಯಲ್ಲಿ, ಲ್ಯಾಬಿನಲ್ಲಿ ರಕ್ತ ತೆಗೆದ ಐದು ನಿಮಿಷದೊಳಗೆ ಬೆರಳು ಚುಚ್ಚಿ ನೋಡಿ. ಊಟದ ನಂತರ ಬೆರಳಿನ ರಕ್ತದಲ್ಲಿ ಗ್ಲೂಕೋಸ್ ತೋಳಿನ ರಕ್ತಕ್ಕಿಂತ ಸಹಜವಾಗಿಯೇ ಹೆಚ್ಚಿರುತ್ತದೆ.

ಇನ್ನು ದುಡ್ಡಿನ ಮಾತು. ಮನೆಯಲ್ಲಿ ಈಗಾಗಲೇ ಚಿಪ್ ಮೀಟರ್ ಇದ್ದು, ಅದರ ಸ್ಟ್ರಿಪ್ ಅಗ್ಗವಾಗಿದ್ದು, ಒಬ್ಬರೇ ಎಚ್ಚರದಿಂದ ಬಳಸುತ್ತಿದ್ದರೆ ಬದಲಿಸಬೇಡಿ. ಹೊಸ ಡಬ್ಬಿ ತೆರೆದ ಕ್ಷಣದಲ್ಲೇ ಹಳೆ ಚಿಪ್ ತೆಗೆದು ಖಾಲಿ ಡಬ್ಬಿಯೊಳಗೆ ಹಾಕಿ ಎಸೆಯಿರಿ. ಹೊಸದಾಗಿ ಕೊಳ್ಳುವವರಿಗೆ, ಅದರಲ್ಲೂ ವಯಸ್ಸಾದ ತಂದೆತಾಯಿಗೆ ಕೊಡಿಸುವವರಿಗೆ, ನಾನು ಹೇಳುವುದು ಕೋಡ್ ಬೇಡದ್ದನ್ನೇ. ಆದರೆ ಹಣ ಕೊಡುವ ಮೊದಲು ಮೆಡಿಕಲ್ ಶಾಪಿನವರನ್ನು ಕೇಳಿ: 'ಇದರ ಕಂಟ್ರೋಲ್ ಸಲ್ಯೂಷನ್ ತರಿಸಿಕೊಡುತ್ತೀರಾ?' ಸ್ಟ್ರಿಪ್ ಎಲ್ಲ ಕಡೆ ಸಿಗುತ್ತದೆ, ಆ ಪುಟ್ಟ ಬಾಟಲಿ ಸಿಗುವುದಿಲ್ಲ. ತರಿಸಿಕೊಡಲು ಒಪ್ಪುವ ಕಂಪನಿಯ ಮೀಟರನ್ನೇ ತೆಗೆದುಕೊಳ್ಳಿ, ಐವತ್ತು ಸ್ಟ್ರಿಪ್ಪಿಗೆ ಸ್ವಲ್ಪ ಹೆಚ್ಚು ಕೊಡಬೇಕಾಗಿ ಬಂದರೂ.