ವಿಷಯ: 10 ಆಂಪಿಯರ್ ರಿಲೇ ಬೋರ್ಡ್ 8.4 ಆಂಪಿಯರ್‌ಗೇ ಸುಟ್ಟಿದೆ, ಅದರ ಜಾಗದಲ್ಲಿ ಹಾಕಿ ನೋಡಿದ ಮೂರರ ಹೋಲಿಕೆ

ನಮಸ್ಕಾರ ಸರ್,

ನಿಮ್ಮಿಂದ ತರಿಸಿದ ಒಂದು ಚಾನೆಲ್‌ನ 5 ವೋಲ್ಟ್ ರಿಲೇ ಬೋರ್ಡ್ ಸುಟ್ಟಿದೆ ಎಂದು ಬರೆದಿದ್ದೆ. "ಓವರ್‌ಲೋಡ್ ಆಗಿರಬೇಕು, ಇಲ್ಲಾ ಸ್ಕ್ರೂ ಲೂಸ್ ಇರಬೇಕು" ಎಂದು ನಿಮ್ಮ ಉತ್ತರ ಬಂತು. ಎರಡೂ ಅಲ್ಲ. ಯಾಕೆ ಅಲ್ಲ ಅಂತ ಮೊದಲು ಹೇಳ್ತೇನೆ. ಆಮೇಲೆ ಅದೇ ಗೀಸರ್‌ಗೆ ಬೇರೆ ಮೂರು ಹಾಕಿ ನೋಡಿದೆ, ಅದನ್ನೂ ಬರೆಯುತ್ತೇನೆ. ನಿಮ್ಮ ಮಾರಾಟದ ಪುಟದಲ್ಲಿ ಏನು ಬದಲಾಗಬೇಕು ಎಂಬುದು ಅದರಿಂದಲೇ ಗೊತ್ತಾಗುತ್ತದೆ.

ಲೋಡ್ ಒಂದು 2000 ವ್ಯಾಟ್ ಗೀಸರ್. ಬರೀ ಹೀಟಿಂಗ್ ಕಾಯಿಲ್, ಮೋಟಾರ್ ಥರ ಶುರುವಿನಲ್ಲಿ ಜಾಸ್ತಿ ಕರೆಂಟ್ ಎಳೆಯುವ ವಸ್ತುವಲ್ಲ. ನಮ್ಮ ಮನೆಯಲ್ಲಿ ಬೆಳಿಗ್ಗೆ 222 ವೋಲ್ಟ್ ಬರುತ್ತದೆ. ಕ್ಲ್ಯಾಂಪ್ ಮೀಟರ್ 8.4 ಆಂಪಿಯರ್ ತೋರಿಸುತ್ತದೆ. ನಿಮ್ಮ ಬೋರ್ಡಿನ ರಿಲೇ ಮೇಲೆ 10 ಆಂಪಿಯರ್, 250 ವೋಲ್ಟ್ ಎಸಿ ಎಂದು ಅಚ್ಚಾಗಿದೆ. ಓವರ್‌ಲೋಡ್ ಎಲ್ಲಿಂದ ಬಂತು?

ಸ್ಕ್ರೂ ವಿಷಯ. ಸ್ಕ್ರೂ ಲೂಸ್ ಇದ್ದರೆ ಸುಡುವುದು ಸ್ಕ್ರೂ ಹತ್ತಿರ. ವೈರಿನ ತಾಮ್ರ ಕಪ್ಪಾಗುತ್ತದೆ, ಟರ್ಮಿನಲ್‌ನ ಪ್ಲಾಸ್ಟಿಕ್ ಬಾಯಿ ಕರಗುತ್ತದೆ. ನನ್ನ ವೈರ್ 2.5 ಚದರ ಎಂಎಂ, ತುದಿ ಇನ್ನೂ ಹೊಳೆಯುತ್ತಿದೆ. ಸುಟ್ಟಿರುವುದು ಬೋರ್ಡಿನ ಕೆಳಗೆ. ರಿಲೇಯ ಕಾಮನ್ ಪಿನ್ನಿನ ಸಾಲ್ಡರ್ ಸುತ್ತ ಉಂಗುರದ ಹಾಗೆ ಬಿರುಕು ಬಿಟ್ಟಿದೆ. ಅಲ್ಲಿಂದ ಟರ್ಮಿನಲ್‌ವರೆಗೆ ಟ್ರ್ಯಾಕ್ ಕಂದಾಗಿದೆ. ರಿಲೇಯ ನೀಲಿ ಡಬ್ಬಿ ಕತ್ತರಿಸಿ ನೋಡಿದೆ, ಒಳಗಿನ ಕಾಂಟ್ಯಾಕ್ಟ್ ಅಂಟಿಕೊಂಡಿಲ್ಲ, ಚೆನ್ನಾಗೇ ಇದೆ. ಅಂದರೆ ಸೋತದ್ದು ರಿಲೇ ಅಲ್ಲ, ಅದಕ್ಕೆ ಕರೆಂಟ್ ತಂದುಕೊಡುವ ತಾಮ್ರ. ಲಾರಿ ಓಡುವ ಸೇತುವೆಗೆ ಎತ್ತಿನಗಾಡಿ ದಾರಿ ಜೋಡಿಸಿದ ಹಾಗಾಗಿದೆ.

ಆ ಟ್ರ್ಯಾಕಿನ ಅಗಲ ಸುಮಾರು 2 ಎಂಎಂ, ಒಂದೇ ಬದಿಯಲ್ಲಿದೆ. ಸಾಮಾನ್ಯ ಬೋರ್ಡಿನ ತಾಮ್ರ 35 ಮೈಕ್ರಾನ್ ದಪ್ಪ. ಬೋರ್ಡ್ ಡಿಸೈನ್ ಮಾಡುವವರು ಬಳಸುವ ಐಪಿಸಿ-2221 ಸೂತ್ರಕ್ಕೆ ಇದನ್ನು ಹಾಕಿದರೆ, 8.4 ಆಂಪಿಯರ್‌ಗೆ ಟ್ರ್ಯಾಕ್ ಸುತ್ತಲಿನ ಗಾಳಿಗಿಂತ ಸುಮಾರು 55 ಡಿಗ್ರಿ ಜಾಸ್ತಿ ಬಿಸಿಯಾಗುತ್ತದೆ. ಗಾಳಿ 28 ಡಿಗ್ರಿ ಇದ್ದರೆ ಟ್ರ್ಯಾಕ್ 83 ಮುಟ್ಟಿತು. ಮುಚ್ಚಿದ ಡಬ್ಬಿಯೊಳಗೆ ಇನ್ನೂ ಮೇಲೆ. ಇಂಥ ರಿಲೇಗಳನ್ನು ಸಾಮಾನ್ಯವಾಗಿ 70 ಡಿಗ್ರಿ ಗಾಳಿಯವರೆಗೆ ಮಾತ್ರ ಬಳಸಬೇಕು. ದಿನಾ ಬಿಸಿಯಾಗಿ ತಣ್ಣಗಾಗುವ ಸಾಲ್ಡರ್ ನಿಧಾನವಾಗಿ ಬಿರುಕು ಬಿಡುತ್ತದೆ, ಬಿರುಕು ಬಿಟ್ಟಲ್ಲಿ ತಡೆ ಏರುತ್ತದೆ, ತಡೆ ಏರಿದರೆ ಮತ್ತೆ ಬಿಸಿ. ಕೆಲವು ವಾರ ಸುಮ್ನೆ ಕೆಲಸ ಮಾಡಿ ಆಮೇಲೆ ಒಮ್ಮೆಗೇ ಸುಟ್ಟ ವಾಸನೆ ಬರುವುದು ಇದಕ್ಕೇ.

ಇನ್ನೊಂದು ಮಾತು. ನಾನು ತೆಗೆದು ನೋಡಿದ ಇಂಥ ಚಿಕ್ಕ ರಿಲೇಯ ಡೇಟಾಶೀಟಿನಲ್ಲಿ, ಮೂರು ಕಾಂಟ್ಯಾಕ್ಟ್ ಇರುವ ಮಾದರಿಗೆ 125 ವೋಲ್ಟ್‌ನಲ್ಲಿ 10 ಆಂಪಿಯರ್, 240 ವೋಲ್ಟ್‌ನಲ್ಲಿ ಬರೀ 7 ಎಂದಿದೆ. ನೀವು ಮಾರುವುದೂ ಮೂರು ಕಾಂಟ್ಯಾಕ್ಟಿನದೇ. ಡಬ್ಬಿಯ ಮೇಲಿನ 10 ನಮ್ಮ ದೇಶದ ಲೈನಿಗೆ ಅಲ್ಲ ಅಂದ ಹಾಗಾಯಿತು ಅಲ್ವಾ?

ಈಗ ಹೋಲಿಕೆ. ಮೊದಲು ನಿಮ್ಮ ಬೋರ್ಡನ್ನೇ ಅಳೆದೆ. ಅದೇ ಆರ್ಡರ್‌ನಲ್ಲಿ ಬಂದ ಇನ್ನೊಂದು ನನ್ನ ಹತ್ತಿರ ಹೊಸದಾಗೇ ಇತ್ತು. ಲೈನ್ ಕರೆಂಟಿನಲ್ಲಿ ಮೀಟರ್ ಹಿಡಿಯಲು ಹೋಗಲಿಲ್ಲ, ಅದು ಬೇಡದ ಸಾಹಸ. ರಿಲೇ ಆನ್ ಮಾಡಿ, ಬೆಂಚ್ ಸಪ್ಲೈನಿಂದ 5 ಆಂಪಿಯರ್ ಡಿಸಿ ಹರಿಸಿ, ಎರಡು ಸ್ಕ್ರೂಗಳ ನಡುವೆ ಎಷ್ಟು ಮಿಲಿವೋಲ್ಟ್ ಬೀಳುತ್ತದೆ ಎಂದು ನೋಡಿದೆ. 210 ಬಂತು. ಅಂದರೆ 42 ಮಿಲಿ ಓಮ್. ಗೀಸರ್‌ನ 8.4 ಆಂಪಿಯರ್‌ಗೆ ಸುಮಾರು 3 ವ್ಯಾಟ್ ಶಾಖ, ಬೆರಳಗಲದ ಜಾಗದಲ್ಲಿ.

ನಂತರ ಎಸ್.ಪಿ. ರೋಡಿನಿಂದ 30 ಆಂಪಿಯರ್ ರಿಲೇ ಬೋರ್ಡ್ ತಂದೆ. ಬೆಲೆ ನಿಮ್ಮದರ ಮೂರರಷ್ಟು. ಅದೇ 5 ಆಂಪಿಯರ್‌ಗೆ 40 ಮಿಲಿವೋಲ್ಟ್ ಮಾತ್ರ, ಅಂದರೆ ಗೀಸರ್ ಓಡುವಾಗ ಅರ್ಧ ವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ. ತಿರುಗಿಸಿ ನೋಡಿದರೆ ಕಾರಣ ಕಾಣುತ್ತದೆ. ಟ್ರ್ಯಾಕ್ ಅಗಲವಾಗಿದೆ, ಎರಡೂ ಬದಿಯಲ್ಲಿದೆ, ಮೇಲೆ ಸಾಲ್ಡರ್ ದಪ್ಪಗೆ ಮೆತ್ತಿದ್ದಾರೆ. ಟರ್ಮಿನಲ್ಲೂ ದೊಡ್ಡದು. ಗೀಸರ್ ಮುಗಿದ ಮೇಲೆ ಮೇನ್ ತೆಗೆದು ಮುಟ್ಟಿದರೆ ಉಗುರುಬೆಚ್ಚಗೆ ಇತ್ತು. ತೊಂದರೆ ಬೇರೆ ಕಡೆ. ಇದರ ಕಾಯಿಲ್ 180 ಮಿಲಿ ಆಂಪಿಯರ್ ಹತ್ತಿರ ಎಳೆಯುತ್ತದೆ, ನಿಮ್ಮದು 70 ಸುತ್ತಮುತ್ತ. ಹಳೆಯ ಮೊಬೈಲ್ ಚಾರ್ಜರ್‌ನಲ್ಲಿ ರಿಲೇ ಎಳೆದಾಗೆಲ್ಲ ಕಂಟ್ರೋಲರ್ ರೀಸೆಟ್ ಆಗುತ್ತಿತ್ತು. ಒಳ್ಳೆಯ ಅಡಾಪ್ಟರ್ ಹಾಕಿದ ಮೇಲೆ ಸರಿಹೋಯಿತು. ಆದರೂ ಇದಕ್ಕೆ ನಿಜವಾಗಿ 30 ಆಂಪಿಯರ್ ಕೊಡಲು ನನಗೆ ಧೈರ್ಯವಿಲ್ಲ. ಆ ಅಂಕಿಯೂ ರಿಲೇಯದೇ, ಬೋರ್ಡಿನದಲ್ಲ.

40 ಆಂಪಿಯರ್ ಸಾಲಿಡ್ ಸ್ಟೇಟ್ ರಿಲೇಯನ್ನೂ ನೋಡಿದೆ. ಸದ್ದಿಲ್ಲ, ಕಿಡಿಯಿಲ್ಲ. ಆದರೆ ಅದರ ಮೇಲೆ ಒಂದು ವೋಲ್ಟ್‌ಗಿಂತ ಜಾಸ್ತಿ ಸದಾ ಬೀಳುತ್ತದೆ. 8.4 ಆಂಪಿಯರ್‌ಗೆ 10 ವ್ಯಾಟ್ ಶಾಖ, ದೊಡ್ಡ ಹೀಟ್‌ಸಿಂಕ್ ಬೇಕೇ ಬೇಕು. ಆಫ್ ಇದ್ದಾಗಲೂ ಸ್ವಲ್ಪ ಕರೆಂಟ್ ಸೋರುತ್ತದೆ, ಟೆಸ್ಟರ್ ಮಿನುಗುತ್ತದೆ. ಅಲ್ಲದೆ ಕೆಟ್ಟರೆ ಬಹುತೇಕ ಆನ್ ಆಗಿಯೇ ಕೆಡುವ ಜಾತಿ. ಸ್ನಾನದ ನೀರಿಗೆ ಇದು ಬೇಡ ಎಂದು ತೆಗೆದಿಟ್ಟೆ.

ಕೊನೆಗೆ ಉಳಿಸಿಕೊಂಡದ್ದು 25 ಆಂಪಿಯರ್‌ನ ಎರಡು ಪೋಲ್ ಕಾಂಟ್ಯಾಕ್ಟರ್. ಎಲ್ಲಕ್ಕಿಂತ ದುಬಾರಿ, ಡಿಬಿ ಬಾಕ್ಸಿನಲ್ಲಿ ಎಂಸಿಬಿ ಪಕ್ಕ ಕೂರುತ್ತದೆ, ಆನ್ ಆಗುವಾಗ ಟಕ್ ಎಂದು ಜೋರು ಸದ್ದು. ಆದರೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ, ಮತ್ತು ದಪ್ಪ ವೈರ್ ನೇರವಾಗಿ ಅದರ ಸ್ಕ್ರೂಗೇ ಹೋಗುತ್ತದೆ. ನಡುವೆ ತೆಳು ಟ್ರ್ಯಾಕ್ ಎಂಬುದೇ ಇಲ್ಲ. ತಮಾಷೆ ಏನೆಂದರೆ, ಅದರ ಕಾಯಿಲ್ಲನ್ನು ಆನ್-ಆಫ್ ಮಾಡುತ್ತಿರುವುದು ನಿಮ್ಮದೇ ಎರಡನೇ ಬೋರ್ಡ್. ಅಲ್ಲಿ ಹರಿಯುವುದು ಬರೀ ಕೆಲವು ಹತ್ತು ಮಿಲಿ ಆಂಪಿಯರ್, ಅಷ್ಟಕ್ಕೆ ಅದು ಆರಾಮಾಗಿದೆ. ಕಾಯಿಲ್‌ಗೆ ಅಡ್ಡಲಾಗಿ 0.1 ಮೈಕ್ರೊಫ್ಯಾರಡ್‌ನ ಎಕ್ಸ್2 ಕೆಪಾಸಿಟರ್ ಮತ್ತು 100 ಓಮ್ ಸಾಲಾಗಿ ಸೇರಿಸಿದ್ದೇನೆ, ಆಫ್ ಆಗುವಾಗಿನ ಕಿಡಿ ತಗ್ಗಲಿ ಎಂದು.

ಆದ್ದರಿಂದ ನಿಮ್ಮ ಬೋರ್ಡ್ ಪೂರ್ತಿ ಕೆಟ್ಟ ಮಾಲು ಎಂದು ನಾನು ಹೇಳುತ್ತಿಲ್ಲ. ಬಲ್ಬ್, ಫ್ಯಾನ್, ಸಣ್ಣ ಸೊಲೆನಾಯ್ಡ್‌ಗೆ ಸಾಕು. ಆದರೆ ಅದೇ ಸೂತ್ರದ ಪ್ರಕಾರ 2 ಎಂಎಂ ಟ್ರ್ಯಾಕಿಗೆ 20 ಡಿಗ್ರಿ ಏರಿಕೆ ಸಾಕು ಎಂದರೆ 5 ಆಂಪಿಯರ್ ಸುತ್ತಮುತ್ತವೇ ಮಿತಿ. ಪುಟದಲ್ಲಿ "ಗೀಸರ್, ಹೀಟರ್‌ಗೆ ಸೂಕ್ತ" ಎಂಬ ಸಾಲನ್ನು ತೆಗೆಯಿರಿ. ಬೋರ್ಡಿಗೆ 5 ಆಂಪಿಯರ್ ಎಂದು ಬರೆಯಿರಿ, 10 ಎಂಬುದು ರಿಲೇಯ ಮೇಲಿನ ಅಚ್ಚು ಎಂದು ಬೇರೆಯಾಗಿ ತಿಳಿಸಿ. ಸುಟ್ಟ ಬೋರ್ಡಿನ ಹಣ ವಾಪಸ್ ಕೊಡಿ, ಇನ್ನೊಂದರದು ಬೇಡ.

ಕೆಳಬದಿಯ ಫೋಟೋ, ಕತ್ತರಿಸಿದ ರಿಲೇಯ ಫೋಟೋ, ಕ್ಲ್ಯಾಂಪ್ ಮೀಟರ್ ಫೋಟೋ ಲಗತ್ತಿಸಿದ್ದೇನೆ. ಬೋರ್ಡೇ ಬೇಕಾದರೆ ಕೊರಿಯರ್ ಮಾಡ್ತೇನೆ, ಖರ್ಚು ನಿಮ್ಮದು.

ಇಂತಿ,
ನಿಮ್ಮ ಗ್ರಾಹಕ