ಟ್ಯಾಕ್ಸ್ ನೋಟಿಸನ್ನು ಒಂದು ಹಾಳೆಗೆ ಇಳಿಸಿಕೊಡುವ ಸೇವೆ: ಎರಡು ವರ್ಷ ಬಳಸಿದ ಮೇಲೆ

ತೀರ್ಥಹಳ್ಳಿಯಲ್ಲಿ ನಮ್ಮದು ಪೈಪು, ಫಿಟ್ಟಿಂಗ್ಸ್ ಅಂಗಡಿ. ಆಡಿಟರ್ ಇರುವುದು ಶಿವಮೊಗ್ಗದಲ್ಲಿ. ಅದೇ ಊರಿನಲ್ಲಿ ಇನ್ನೊಂದು ಸಣ್ಣ ಆಫೀಸಿದೆ, ಹೆಸರು ಬೇಡ. ಜಿಎಸ್‌ಟಿ ಅಥವಾ ಇನ್‌ಕಮ್ ಟ್ಯಾಕ್ಸ್ ನೋಟಿಸಿನ ಪಿಡಿಎಫ್ ವಾಟ್ಸಾಪ್ ಮಾಡಿದರೆ ಅವರು ಅದನ್ನು ಪೂರ್ತಿ ಓದಿ ಕನ್ನಡದಲ್ಲಿ ಒಂದು ಹಾಳೆ ಬರೆದು ಕಳಿಸುತ್ತಾರೆ. ಎಷ್ಟು ಕೇಳಿದ್ದಾರೆ, ಯಾವಾಗಿನೊಳಗೆ ಉತ್ತರ ಕೊಡಬೇಕು, ಆಡಿಟರಿಗೆ ಯಾವ ಕಾಗದ ಕೊಡಬೇಕು ಎಂಬುದಷ್ಟೇ ಅದರಲ್ಲಿ ಇರುತ್ತದೆ. ಉತ್ತರ ಬರೆದುಕೊಡುವುದಿಲ್ಲ, ಅದು ಆಡಿಟರ್ ಕೆಲಸ. ಸಾದಾ ನೋಟಿಸಿಗೆ 500 ರೂಪಾಯಿ, ಅನೆಕ್ಸರ್ ಇದ್ದರೆ 1,000.

ಆಡಿಟರ್ ಇರುವಾಗ ಇದು ಯಾಕೆ ಎಂದು ಮನೆಯಲ್ಲೂ ಕೇಳಿದರು. ಸೀಸನ್‌ನಲ್ಲಿ ಆಡಿಟರಿಗೆ ಸುಮ್ನೆ ಪಿಡಿಎಫ್ ಕಳಿಸಿದರೆ "ನೋಡ್ತೀನಿ ಬಿಡಿ" ಅನ್ನುತ್ತಾರೆ. ಆಮೇಲೆ ಇವತ್ತು ಬಿಲ್ ಕೇಳುತ್ತಾರೆ, ವಾರ ಬಿಟ್ಟು ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಅಷ್ಟರಲ್ಲಿ ದಿನ ಮುಗಿಯುತ್ತಾ ಬಂದಿರುತ್ತದೆ.

ಒಂದು ನೋಟಿಸನ್ನೇ ತೆಗೆದುಕೊಂಡು ಹೇಳುತ್ತೇನೆ. 2023ರ ಡಿಸೆಂಬರ್ 14ರ ತಾರೀಕಿನ ಡಿಆರ್‌ಸಿ-01, 2018-19ನೇ ಸಾಲಿನದ್ದು. ಅದು ಪೋರ್ಟಲ್‌ನಲ್ಲಿ ನಾವು ಯಾವಾಗಲೂ ನೋಡುವ ಜಾಗದಲ್ಲಿ ಇರಲಿಲ್ಲ. `Services > User Services > View Additional Notices/Orders` ಒಳಗೆ ಕೂತಿತ್ತು. ಇಲ್ಲಿ ಇಣುಕದೆ ಎಷ್ಟೋ ಅಂಗಡಿಯವರು ವಾಯಿದೆ ಕಳೆದುಕೊಂಡಿದ್ದಾರೆ. ಇನ್ನೊಂದು ವಿಷಯ, ಡಿಆರ್‌ಸಿ-01 ಅಂದರೆ ಬರೀ ಸಾರಾಂಶ. ಕಾರಣವೆಲ್ಲ ಅದರ ಜೊತೆಗಿರುವ ಅನೆಕ್ಸರ್ ಫೈಲ್‌ನಲ್ಲಿರುತ್ತದೆ. ನಾನು ಮೊದಲ ಫೈಲ್ ಮಾತ್ರ ಕಳಿಸಿದ್ದಕ್ಕೆ ಆ ಆಫೀಸಿನವರು "ಇನ್ನೊಂದು ಇರಬೇಕಲ್ಲ ಸಾರ್, ಕೆಳಗೆ ಅಟ್ಯಾಚ್‌ಮೆಂಟ್ ನೋಡಿ" ಎಂದು ಕೇಳಿ ತರಿಸಿಕೊಂಡರು.

ಹಾಳೆಯ ಮೊದಲ ಸಾಲು ಹೀಗಿತ್ತು: "ಇದು ಶೋಕಾಸ್ ನೋಟಿಸ್. ಇನ್ನೂ ಆರ್ಡರ್ ಆಗಿಲ್ಲ." ನನಗೆ ಹಾಳೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳಿದ ಸಾಲು ಇದೇ. ರಿಟರ್ನ್ ಪರಿಶೀಲನೆಯಲ್ಲಿ ಬರುವ ಎಎಸ್‌ಎಂಟಿ-10 ಬರೀ ವಿವರಣೆ ಕೇಳುವ ನೋಟಿಸ್, ಅದರಲ್ಲೂ ಮೊತ್ತ ಬರೆದಿರಬಹುದು. ಡಿಆರ್‌ಸಿ-01ರಲ್ಲಿ ಇರುವುದು ಇಲಾಖೆ ಹಾಕಬೇಕೆಂದಿರುವ ಮೊತ್ತ. ಕಟ್ಟಲೇಬೇಕಾದ ಡಿಮ್ಯಾಂಡ್ ಆಗುವುದು ಡಿಆರ್‌ಸಿ-07 ಆರ್ಡರ್ ಬಂದಾಗ, ಆಗ ಉತ್ತರ ಅಲ್ಲ, ಮೂರು ತಿಂಗಳೊಳಗೆ ಅಪೀಲು. ಮೂರರಲ್ಲೂ ದೊಡ್ಡ ಅಕ್ಷರದಲ್ಲಿ ಕಾಣುವುದು ರೂಪಾಯಿಯೇ, ಹಾಗಾಗಿ ಎದೆ ಒಂದೇ ಥರ ಹೊಡೆದುಕೊಳ್ಳುತ್ತದೆ.

ಕೇಳಿದ್ದು ಟ್ಯಾಕ್ಸ್ 93,600, ಅದಕ್ಕೆ 18% ಬಡ್ಡಿ, ಮೇಲೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಗೆ ತಲಾ 10,000 ದಂಡ. ನಾಲ್ಕೂವರೆ ವರ್ಷಕ್ಕಿಂತ ಹಳೆಯ ಬಾಕಿ ಅಂದರೆ ಬಡ್ಡಿಯೇ 80 ಸಾವಿರದ ಹತ್ತಿರ. ಕಾರಣ ಒಂದೇ ಸಾಲಿನದು: ನಾವು 3ಬಿ ರಿಟರ್ನ್‌ನಲ್ಲಿ ತೆಗೆದುಕೊಂಡ ಐಟಿಸಿ, ಅಂದರೆ ಖರೀದಿ ಮೇಲೆ ಕಟ್ಟಿದ ಟ್ಯಾಕ್ಸಿನ ಕ್ರೆಡಿಟ್, ಸಪ್ಲೈಯರ್‌ಗಳು ಹಾಕಿದ ಬಿಲ್‌ಗಳ ಪಟ್ಟಿಯಾದ 2ಎಯಲ್ಲಿ ಕಾಣುವುದಕ್ಕಿಂತ ಜಾಸ್ತಿ ಇದೆ. ನಮ್ಮ ಖರೀದಿ ಪಟ್ಟಿಯನ್ನು 2ಎ ಜೊತೆ ತಾಳೆ ನೋಡಿ ಅವರು ಆ ಮೊತ್ತವನ್ನು ಮೂರು ಭಾಗ ಮಾಡಿಕೊಟ್ಟರು.

57,600 ರೂಪಾಯಿ ಹುಬ್ಬಳ್ಳಿಯ ಒಬ್ಬ ಸಪ್ಲೈಯರ್‌ದು. ನಮ್ಮ ಜಿಎಸ್‌ಟಿ ನಂಬರ್ ಹಾಕದೆ ಬಿಲ್‌ಗಳನ್ನು ಚಿಲ್ಲರೆ ಮಾರಾಟ ಅಂತ ತೋರಿಸಿದ್ದರು. ಹಾಗಾದಾಗ ಅವರು ಟ್ಯಾಕ್ಸ್ ಕಟ್ಟಿದ್ದರೂ ನಮ್ಮ 2ಎಗೆ ಬರುವುದಿಲ್ಲ. ಇದಕ್ಕೆ ಕೇಂದ್ರದ 183ನೇ ಸರ್ಕ್ಯುಲರ್ ಇದೆ, 2022ರ ಡಿಸೆಂಬರ್ 27ರದ್ದು. 2017-18 ಮತ್ತು 2018-19ಕ್ಕೆ, ಒಬ್ಬ ಸಪ್ಲೈಯರ್‌ನಿಂದ ವರ್ಷದ ವ್ಯತ್ಯಾಸ 5 ಲಕ್ಷದೊಳಗಿದ್ದರೆ ಆ ಸಪ್ಲೈಯರ್ ಕೊಟ್ಟ ಪತ್ರವೇ ಸಾಕು, ಮೇಲಿದ್ದರೆ ಸಿಎ ಸರ್ಟಿಫಿಕೇಟ್ ಬೇಕು. ಹಾಗಾಗಿ ಹಾಳೆಯಲ್ಲಿ ಇದರ ಮುಂದೆ ಬರೆದಿದ್ದ ಕಾಗದಗಳು: ಬಿಲ್, ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟ್, ಸಾಮಾನು ಬಂದಿದ್ದಕ್ಕೆ ಲಾರಿ ರಸೀದಿ ಅಥವಾ ಇ-ವೇ ಬಿಲ್, ಸಪ್ಲೈಯರ್ ಪತ್ರ. ಪತ್ರದ ಪಕ್ಕದಲ್ಲಿ "ಇವತ್ತೇ ಫೋನ್ ಮಾಡಿ" ಎಂದು ಕೆಂಪು ಪೆನ್ನಿನಲ್ಲಿ ಗೀಚಿದ್ದರು. ಸರಿಯೇ, ನಮ್ಮ ಕೈಯಲ್ಲಿ ಇಲ್ಲದ ಕಾಗದ ಅದೊಂದೇ.

21,600 ರೂಪಾಯಿ ಮಾರ್ಚ್ ಬಿಲ್. ಸಪ್ಲೈಯರ್ ಏಪ್ರಿಲ್ ರಿಟರ್ನ್‌ನಲ್ಲಿ ಹಾಕಿದ್ದರಿಂದ ಮುಂದಿನ ವರ್ಷದ 2ಎಯಲ್ಲಿ ಕೂತಿತ್ತು. ಬಿಲ್ ಮತ್ತು 2019ರ ಏಪ್ರಿಲ್ 2ಎ ಇದ್ದರೆ ಮುಗಿಯಿತು. ಉಳಿದ 14,400 ಲಾರಿ ಬಾಡಿಗೆಗೆ ನಾವೇ ರಿವರ್ಸ್ ಚಾರ್ಜ್‌ನಲ್ಲಿ 5% ಕಟ್ಟಿ ವಾಪಸ್ ತೆಗೆದುಕೊಂಡಿದ್ದು. ನೋಂದಣಿ ಇಲ್ಲದ ಲಾರಿಯವರು ರಿಟರ್ನ್ ಹಾಕುವುದೇ ಇಲ್ಲ, ಅದು 2ಎಯಲ್ಲಿ ಕಾಣುವುದಾದರೂ ಹೇಗೆ? ನಮ್ಮ 3ಬಿಯ 3.1(ಡಿ) ಸಾಲು ಮತ್ತು ಕ್ಯಾಶ್ ಲೆಡ್ಜರ್ ಪ್ರಿಂಟ್ ಸಾಕಾಯಿತು.

ತಾರೀಕಿನ ವಿಷಯಕ್ಕೆ ಬರುತ್ತೇನೆ. ನೋಟಿಸಿನಲ್ಲಿ ಉತ್ತರಕ್ಕೆ ಜನವರಿ 13 ಎಂದಿತ್ತು. ಅದು ಎರಡನೇ ಶನಿವಾರ, ಹಿಂದೆಯೇ ಸಂಕ್ರಾಂತಿ. ನಾನು ಅದನ್ನೇ ಕ್ಯಾಲೆಂಡರ್‌ನಲ್ಲಿ ಸುತ್ತುಹಾಕಿದ್ದೆ. ಆದರೆ ಹಿಯರಿಂಗ್ ಜನವರಿ 10ಕ್ಕೆ ಇಟ್ಟಿದ್ದರು, ಉತ್ತರದ ಗಡುವಿಗಿಂತ ಮೊದಲು! ಹಾಳೆಯಲ್ಲಿ ಎರಡೂ ತಾರೀಕು ಬರೆದು, "ಕಾಗದ ಆಡಿಟರ್ ಕೈಗೆ ಜ. 2ರೊಳಗೆ" ಎಂದು ಮೂರನೆಯದನ್ನೂ ಸೇರಿಸಿದ್ದರು. ನೋಟಿಸಿನಿಂದ 30 ದಿನದೊಳಗೆ ಟ್ಯಾಕ್ಸ್, ಬಡ್ಡಿ ಕಟ್ಟಿದರೆ ದಂಡ ಬೀಳುವುದಿಲ್ಲ ಎಂಬುದನ್ನೂ ಕೆಳಗೆ ಬರೆದಿದ್ದರು. 73ನೇ ಸೆಕ್ಷನ್ ನೋಟಿಸಿಗೆ ಇದು ಸರಿ. 2024-25ರಿಂದ ಈಚೆಗಿನ ವರ್ಷಗಳಿಗೆ 74ಎ ಬರುತ್ತದೆ, ಅಲ್ಲಿ 60 ದಿನ.

ಹುಬ್ಬಳ್ಳಿಯವರು ಒಂದು ಬಿಲ್ ಬಿಟ್ಟು ಉಳಿದದ್ದಕ್ಕೆ ಪತ್ರ ಕೊಟ್ಟರು. ಆ ಒಂದು 50,000ದ ಬಿಲ್ ಅವರ ಲೆಕ್ಕದಲ್ಲೇ ಇರಲಿಲ್ಲ. ಅದರ 9,000 ಟ್ಯಾಕ್ಸನ್ನು ಬಡ್ಡಿ ಸಮೇತ ಡಿಆರ್‌ಸಿ-03ರಲ್ಲಿ ಕಟ್ಟಿಸಿ, ಉಳಿದದ್ದಕ್ಕೆ ಆಡಿಟರ್ ಡಿಆರ್‌ಸಿ-06ರಲ್ಲಿ ಉತ್ತರ ಹಾಕಿದರು. ಉಳಿದದ್ದನ್ನು ಅಧಿಕಾರಿ ಕೈಬಿಟ್ಟರು.

ಇನ್ನು ಕೊರತೆ. ಸೀಸನ್‌ನಲ್ಲಿ ಹಾಳೆ ಬರಲು ಮೂರ್ನಾಲ್ಕು ದಿನ ಹಿಡಿಯುತ್ತದೆ. ಮಸುಕು ಸ್ಕ್ಯಾನ್ ಇದ್ದರೆ ಅಂಕಿ ಊಹಿಸಿ ಬರೆದ ಹಾಗಿರುತ್ತದೆ. ಒಮ್ಮೆ ಐಜಿಎಸ್‌ಟಿ ಮೊತ್ತವನ್ನು ಸಿಜಿಎಸ್‌ಟಿ ಕಾಲಂನಲ್ಲಿ ಬರೆದು ಕಳಿಸಿದ್ದರು, ಆಡಿಟರ್ ಹಿಡಿದರು. ಅದಕ್ಕೆ ಅಂಕಿಗಳನ್ನು ಮೂಲದ ಜೊತೆ ನಾನೇ ಒಮ್ಮೆ ಹೊಂದಿಸಿ ನೋಡುತ್ತೇನೆ. ಒಳ್ಳೆಯ ವಿಷಯವೆಂದರೆ ಲಾಗಿನ್ ಪಾಸ್‌ವರ್ಡ್, ಒಟಿಪಿ ಯಾವತ್ತೂ ಕೇಳಿಲ್ಲ. ಕೇಳುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಇನ್‌ಕಮ್ ಟ್ಯಾಕ್ಸ್‌ನ 143(1) ಬಂದರೆ ಇಲ್ಲಿ ದುಡ್ಡು ಕೊಡುವ ಅಗತ್ಯ ಅಷ್ಟಾಗಿ ಇಲ್ಲ. ಅದರಲ್ಲಿ ನೀವು ಬರೆದದ್ದು ಒಂದು ಕಾಲಂ, ಅವರು ಲೆಕ್ಕ ಹಾಕಿದ್ದು ಇನ್ನೊಂದು ಕಾಲಂ. ಎಲ್ಲಿ ಅಂಕಿ ಬೇರೆಯಾಗಿದೆಯೋ ಆ ಸಾಲಿಗೆ ಗುರುತು ಹಾಕಿ 26ಎಎಸ್ ಜೊತೆ ಕಳಿಸಿದರೆ ಆಡಿಟರಿಗೆ ಸಾಕು.

ರಿಟರ್ನ್‌ಗಳ ಲೆಕ್ಕ ತಾಳೆಯಾಗದಿದ್ದಾಗ ಬರುವ ಡಿಆರ್‌ಸಿ-01ಬಿ, 01ಸಿ ಬಂದರಂತೂ ಇವರಿಗೆ ಕಳಿಸಲೇಬೇಡಿ. ಅವಕ್ಕೆ ಇರುವುದೇ ಏಳು ದಿನ, ಉತ್ತರ ಹಾಕದಿದ್ದರೆ ಮುಂದಿನ ಜಿಎಸ್‌ಟಿಆರ್-1 ಹಾಕಲು ಪೋರ್ಟಲ್ ಬಿಡುವುದಿಲ್ಲ. ಹಾಳೆ ಬರುವಷ್ಟರಲ್ಲಿ ಅರ್ಧ ವಾರ ಹೋಗಿರುತ್ತದೆ. ಅಂಥದ್ದಕ್ಕೆ ನಾನು ನೇರ ಆಡಿಟರಿಗೇ ಫೋನ್ ಮಾಡುತ್ತೇನೆ.